ಬಸಿದ ನೀರು ಎಲ್ಲಿ ಹೋಯಿತು? ಕಾಳು ತಿಂದರೆ ವಾಯು ಏಕೆ, ನೆನೆಸಿ ಬೇಯಿಸಿದರೆ ಎಷ್ಟು ಕಡಿಮೆಯಾಗುತ್ತದೆ



ಕಳೆದ ಕಾರ್ಯಕಾರಿ ಸಮಿತಿ ಸಭೆಯ ನಡಾವಳಿ ಪುಸ್ತಕದಲ್ಲಿ ಐದನೆಯ ವಿಷಯ ಹೀಗಿದೆ: "ಹಿರಿಯ ಸದಸ್ಯರ ತಿಂಗಳ ಊಟದಲ್ಲಿ ಕಾಳು ಮುಂದುವರಿಸುವ ಬಗ್ಗೆ." ಮೂವತ್ತನಾಲ್ಕು ವರ್ಷ ಗುಮಾಸ್ತಿಕೆ ಮಾಡಿದ್ದೇನೆ, ಹೊಟ್ಟೆಯ ವಾಯು ಒಂದು ಕಡತವಾಗಿ ನನ್ನ ಮೇಜಿಗೆ ಬರುತ್ತದೆ ಎಂದು ಎಂದೂ ಅಂದುಕೊಂಡಿರಲಿಲ್ಲ. ಬಂದ ಕಡತವನ್ನು ಹಾಗೇ ಬಿಡುವ ಅಭ್ಯಾಸವೂ ಇಲ್ಲ. ಆದ್ದರಿಂದ ಈ ಬರಹ.

ನಡೆದದ್ದು ಇಷ್ಟು. ಹಿಂದಿನ ಊಟಕ್ಕೆ ಮುದ್ದೆ, ಅಲಸಂದೆ ಕಾಳು ಮತ್ತು ದಂಟಿನ ಸೊಪ್ಪಿನ ಬಸ್ಸಾರು, ಅದೇ ಕಾಳು ಸೊಪ್ಪಿನ ಪಲ್ಯ, ಅನ್ನ, ಮಜ್ಜಿಗೆ. ಎಲ್ಲರೂ ಹೊಗಳಿ ಉಂಡರು. ಮಾರನೆಯ ದಿನ ಬೆಳಿಗ್ಗೆ ನನಗೆ ಮೂರು ಫೋನ್ ಬಂದವು. "ರಾತ್ರಿಯೆಲ್ಲ ಹೊಟ್ಟೆ ಗುಡುಗುಡು ಅಂತಿತ್ತು ಕಣ್ರೀ, ನಿದ್ದೆ ಇಲ್ಲ" ಎಂಬುದು ಮೂವರ ಮಾತಿನ ಸಾರ. ಸಭೆಯಲ್ಲಿ ಖಜಾಂಚಿಗಳು, ಇನ್ನು ಮೇಲೆ ಕಾಳು ಬೇಡ, ತಿಳಿಸಾರು ಆಲೂಗಡ್ಡೆ ಪಲ್ಯ ಮಾಡಿಸೋಣ ಎಂದರು. ಹೆಚ್ಚಿನವರು ತಲೆಯಾಡಿಸಿದರು.

ಆಗ ಮೂಲೆಯಲ್ಲಿ ಕುಳಿತಿದ್ದ ಹಿರಿಯಕ್ಕ ಒಬ್ಬರು ಮಾತಾಡಿದರು. ಅವರಿಗೆ ಎಪ್ಪತ್ತು ದಾಟಿದೆ. ಮಾಂಸ ಮೊಟ್ಟೆ ಮುಟ್ಟುವವರಲ್ಲ, ಹಾಲು ಒಗ್ಗುವುದಿಲ್ಲ. ವಾಯು ಆಗುತ್ತದೆಂದು ಏಳು ವರ್ಷದ ಹಿಂದೆ ಕಾಳು ಬಿಟ್ಟರು, ಆಮೇಲೆ ಬೇಳೆಯನ್ನೂ ಕಡಿಮೆ ಮಾಡಿದರು. ಈಗ ಅನ್ನ, ತಿಳಿಸಾರು, ಎರಡು ಬಿಸ್ಕತ್ತು. "ತೋಳಲ್ಲಿ ಶಕ್ತಿ ಇಲ್ಲ ತಮ್ಮಾ. ಡಾಕ್ಟರು ಪ್ರೋಟೀನು ಕಮ್ಮಿ ಅಂತಾರೆ. ಕಾಳು ತಿನ್ನಿ ಅಂತಾರೆ. ತಿಂದರೆ ಹೀಗೆ. ನಾನೇನು ಮಾಡಲಿ?" ಎಂದರು. ಇದಕ್ಕೆ ಸಭೆಯಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ವಿಷಯವನ್ನು ಮುಂದೂಡಿದೆ.

ಮನೆಗೆ ಬಂದ ಮೇಲೆ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಫೋನ್ ಮಾಡಿದ ಮೂವರೂ ಬಸ್ಸಾರನ್ನು ಬಟ್ಟಲಲ್ಲಿ ಹಾಕಿಸಿಕೊಂಡು ಎರಡೆರಡು ಸಲ ಕುಡಿದವರು. ಅದೇ ಪಂಕ್ತಿಯಲ್ಲಿ ಪಲ್ಯವನ್ನೇ ಹೆಚ್ಚು ತಿಂದ, ಖಾರಕ್ಕೆ ಹೆದರಿ ಸಾರು ಮುಟ್ಟದ ಇಬ್ಬರು ಏನೂ ಆಗಲಿಲ್ಲ ಎಂದರು. ಕಾಳು ಇದ್ದದ್ದು ಪಲ್ಯದಲ್ಲಿ, ಸಾರಿನಲ್ಲಿ ಬರೀ ನೀರು. ಹಾಗಾದರೆ ಕಾಳು ತಿಂದವರು ಸುಖವಾಗಿ, ನೀರು ಕುಡಿದವರು ಕಷ್ಟಪಟ್ಟದ್ದು ಹೇಗೆ? ಐದು ಜನರ ಹೊಟ್ಟೆ ನೋಡಿ ತೀರ್ಪು ಕೊಡಲಾಗದು, ನಿಜ. ಆದರೆ ಓದಿ ನೋಡಿದಾಗ ಉತ್ತರ ಇಲ್ಲೇ ಇದೆ ಎಂದು ತಿಳಿಯಿತು.

ಕಾಳಿನೊಳಗೆ ಏನಿದೆ

ಕಾಳು ಎಂದರೆ ಬೀಜ. ಗಿಡದ ಮೇಲೆ ಬೀಜ ಬಲಿತು ಒಣಗುವಾಗ ಅದರ ಜೀವಕೋಶಗಳು ಒಣಗಿ ಸಾಯಬಾರದು. ಮುಂದೆ ನೀರು ಸಿಕ್ಕಾಗ ಮೊಳಕೆಗೆ ತಕ್ಷಣದ ಆಹಾರವೂ ಬೇಕು. ಈ ಎರಡು ಕೆಲಸಕ್ಕಾಗಿ ಬೀಜ ಒಂದು ಜಾತಿಯ ಸಕ್ಕರೆಗಳನ್ನು ಕೂಡಿಟ್ಟುಕೊಳ್ಳುತ್ತದೆ. ನಮ್ಮ ಮಾಮೂಲಿ ಸಕ್ಕರೆಯ ಕಣಕ್ಕೆ ಗ್ಯಾಲಕ್ಟೋಸ್ ಎಂಬ ಇನ್ನೊಂದು ಸಣ್ಣ ಸಕ್ಕರೆ ಅಂಟಿಕೊಂಡರೆ ಅದು ರಾಫಿನೋಸ್. ಎರಡು ಅಂಟಿಕೊಂಡರೆ ಸ್ಟಾಕಿಯೋಸ್, ಮೂರಾದರೆ ವರ್ಬಾಸ್ಕೋಸ್. ಹೆಸರು ನೆನಪಿಡಬೇಕಿಲ್ಲ. ಸಕ್ಕರೆ ಎಂಬ ಎಂಜಿನ್ನಿಗೆ ಒಂದು, ಎರಡು, ಮೂರು ಬೋಗಿ ಜೋಡಿಸಿದ ಹಾಗೆ ಎಂದುಕೊಳ್ಳಿ. ಇನ್ನು ಮುಂದೆ ಇವನ್ನು ಬೋಗಿ ಸಕ್ಕರೆ ಎಂದೇ ಕರೆಯುತ್ತೇನೆ. ಒಣ ಕಾಳುಗಳಲ್ಲಿ ಸಾಮಾನ್ಯವಾಗಿ 100 ಗ್ರಾಂಗೆ ಮೂರರಿಂದ ಆರು ಗ್ರಾಂ ಇವು ಇರುತ್ತವೆ. ತಳಿಯಿಂದ ತಳಿಗೆ ವ್ಯತ್ಯಾಸ ಇದ್ದೇ ಇದೆ.

ತೊಂದರೆ ಇರುವುದು ಬೋಗಿಯ ಕೊಂಡಿಯಲ್ಲಿ. ಆ ಕೊಂಡಿ ಬಿಡಿಸಲು ಆಲ್ಫಾ ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಬೇಕು, ಮನುಷ್ಯರ ಸಣ್ಣ ಕರುಳು ಅದನ್ನು ತಯಾರಿಸುವುದಿಲ್ಲ. ವಯಸ್ಸಾದವರಿಗೆ ಇಲ್ಲ, ಎಳೆಯರಿಗೆ ಇದೆ ಎಂದಲ್ಲ, ಯಾರಿಗೂ ಇಲ್ಲ. ಹಾಗಾಗಿ ಬೋಗಿ ಸಕ್ಕರೆ ಜೀರ್ಣವಾಗದೆ, ಇದ್ದ ಹಾಗೇ ದೊಡ್ಡ ಕರುಳು ತಲುಪುತ್ತದೆ. ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳ ಬಳಿ ಆ ಕಿಣ್ವ ಧಾರಾಳವಾಗಿದೆ. ಅವು ಹಬ್ಬ ಮಾಡುತ್ತವೆ. ಇಡ್ಲಿ ಹಿಟ್ಟು ಪಾತ್ರೆಯಲ್ಲಿ ಉಬ್ಬುವಂತೆ ಅಲ್ಲಿಯೂ ಹುದುಗು ನಡೆದು ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಅನಿಲ ಹುಟ್ಟುತ್ತವೆ. ಇವುಗಳಿಗೆ ವಾಸನೆಯೇ ಇಲ್ಲ. ಮುಖ ಮುಚ್ಚಿಕೊಳ್ಳುವಂತೆ ಮಾಡುವುದು ಗಂಧಕ ಸೇರಿದ, ತೀರಾ ಅಲ್ಪ ಪ್ರಮಾಣದ ಬೇರೆ ಅನಿಲಗಳು. ಶಬ್ದ ಒಬ್ಬರದು, ವಾಸನೆ ಇನ್ನೊಬ್ಬರದು ಎಂದು ನಮ್ಮ ಹಳೆಯ ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದರು, ಅದರಲ್ಲಿ ಸ್ವಲ್ಪ ವಿಜ್ಞಾನವೂ ಇತ್ತು ಎಂದು ಈಗ ಗೊತ್ತಾಯಿತು.

ದೊಡ್ಡ ಕರುಳು ತಲುಪಲು ಊಟಕ್ಕೆ ಕೆಲವು ಗಂಟೆ ಬೇಕು. ಆದ್ದರಿಂದ ಕಾಳಿನ ವಾಯು ಎಲೆ ಮುಂದೆ ಕುಳಿತಾಗಲೇ ಬರುವುದಿಲ್ಲ. ಮಧ್ಯಾಹ್ನ ಒಂದಕ್ಕೆ ಉಂಡರೆ ಸಂಜೆ ಐದಾರರ ನಂತರ, ರಾತ್ರಿಯವರೆಗೆ ಕಾಣಿಸಿಕೊಳ್ಳುತ್ತದೆ. ಉಂಡ ತಕ್ಷಣ ತೇಗು ಬಂದರೆ ಅದು ಹೆಚ್ಚಾಗಿ ಆತುರದಲ್ಲಿ ನುಂಗಿದ ಗಾಳಿ, ಕಾಳಿನ ತಪ್ಪಲ್ಲ. ನಮ್ಮ ಮೂವರು ಹೇಳಿದ್ದು ರಾತ್ರಿಯ ಕಥೆ, ಅದು ಈ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ.

ಮೆತ್ತಗೆ ಬೆಂದರೆ ಹೋಗುತ್ತದೆಯೇ

ಅಡುಗೆಯವರನ್ನು ಕೇಳಿದೆ. "ಎಂಟು ಗಂಟೆ ನೆನೆಸಿದ್ದೀನಿ ಸಾರ್, ಬೆಣ್ಣೆ ಥರ ಬೆಂದಿತ್ತು. ನನ್ನ ಕಡೆ ತಪ್ಪಿಲ್ಲ" ಎಂದರು. ನೆನೆಸಿದ ನೀರು ಏನು ಮಾಡಿದಿರಿ ಎಂದೆ. "ಅದರಲ್ಲೇ ಬೇಯಿಸಿದೆ. ಸತ್ವ ಚೆಲ್ಲೋಕಾಗುತ್ತಾ?" ಎಂದರು.

ನಮ್ಮಲ್ಲಿ ಬಹಳ ಮಂದಿಗೆ ಇರುವ ನಂಬಿಕೆ ಇದೇ: ಚೆನ್ನಾಗಿ ಬೆಂದರೆ ವಾಯು ಇಲ್ಲ. ಇದು ಅರ್ಧ ನಿಜ. ಬೇಯಿಸಿದಾಗ ಕಾಳಿನ ಪಿಷ್ಟ ಮೆತ್ತಗಾಗಿ ಸಣ್ಣ ಕರುಳಿನಲ್ಲೇ ಜೀರ್ಣವಾಗುತ್ತದೆ, ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಕೆಲವು ವಸ್ತುಗಳು ಶಾಖಕ್ಕೆ ನಾಶವಾಗುತ್ತವೆ. ಅರೆಬೆಂದ ಕಾಳಿಗಿಂತ ಬೆಂದ ಕಾಳು ಹೊಟ್ಟೆಗೆ ಖಂಡಿತ ಹಿತ. ಆದರೆ ಬೋಗಿ ಸಕ್ಕರೆಯ ಕೊಂಡಿ ಬಿಸಿಗೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ನಮ್ಮ ಒಲೆಯ ಕುದಿತಕ್ಕಾಗಲಿ ಕುಕ್ಕರಿನ ಐದು ವಿಷಲ್ಲಿಗಾಗಲಿ ಅದರ ಬಹುಭಾಗ ಹಾಗೇ ಉಳಿಯುತ್ತದೆ.

ಹಾಗಿದ್ದರೂ ಬೇಯಿಸಿದ ಕಾಳಿನಲ್ಲಿ ಈ ಸಕ್ಕರೆ ಕಡಿಮೆ ಇರುವುದು ಏಕೆ? ನಾಶವಾದದ್ದಲ್ಲ, ಬೇರೆ ಕಡೆಗೆ ವರ್ಗವಾದದ್ದು. ಇವು ನೀರಿನಲ್ಲಿ ಕರಗುವ ಸಕ್ಕರೆಗಳು. ಕಾಳಿನಿಂದ ಹೊರಬಂದು ನೀರಿಗೆ ಸೇರುತ್ತವೆ. ಆ ನೀರನ್ನು ಚೆಲ್ಲಿದರೆ ಹೋದವು, ಇಟ್ಟುಕೊಂಡರೆ ಉಳಿದವು. ಕುಕ್ಕರಿನಲ್ಲಿ ನೆನೆಸಿದ ನೀರಿನ ಸಮೇತ ಕೂಗಿಸಿ ಹುಳಿ ಮಾಡಿದರೆ ಒಂದು ಚಮಚದಷ್ಟೂ ಹೊರಗೆ ಹೋಗಿರುವುದಿಲ್ಲ.

ಈಗ ಬಸ್ಸಾರಿನ ಗುಟ್ಟು ಬಿಡಿಸಿಕೊಳ್ಳುತ್ತದೆ. ನಮ್ಮ ಈ ಕಡೆಯವರಿಗೆ ಹೇಳಬೇಕಿಲ್ಲ, ಆದರೆ ಸೊಲ್ಲಾಪುರ, ಕಾಸರಗೋಡಿನ ಓದುಗರಿಗಾಗಿ ಹೇಳುತ್ತೇನೆ. ಬಸ್ಸಾರಿಗೆ ಕಾಳು ಸೊಪ್ಪನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ನೀರನ್ನು ಬಸಿಯುತ್ತಾರೆ. ಬಸಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬಸಿದ ಆ ಕಟ್ಟಿಗೆ ಮಸಾಲೆ ರುಬ್ಬಿ ಹಾಕಿ ಕುದಿಸಿದರೆ ಸಾರು. ಕಾಳು ಬೆಂದ ಪಾತ್ರೆಯಲ್ಲಿ ಮೂರು ಪಾಲು ನೀರು ಇದ್ದು, ಅದರಲ್ಲಿ ಒಂದು ಪಾಲು ಬೆಂದ ಕಾಳಿನೊಳಗೆ, ಎರಡು ಪಾಲು ಹೊರಗೆ ಇದೆ ಎಂದುಕೊಳ್ಳಿ. ಸಕ್ಕರೆಯೂ ಸುಮಾರಾಗಿ ಅದೇ ಅನುಪಾತದಲ್ಲಿ ಹಂಚಿಹೋಗುತ್ತದೆ. ಅಂದರೆ ಪಲ್ಯಕ್ಕೆ ಒಂದು ಪಾಲು, ಸಾರಿಗೆ ಎರಡು ಪಾಲು! ಹುರುಳಿ ಕಟ್ಟಿನ ಸಾರಿಗೂ ಇದೇ ಮಾತು. ಜೊತೆಗೆ ನಮ್ಮ ಮಸಾಲೆಗೆ ಬಿದ್ದ ಬೆಳ್ಳುಳ್ಳಿ ಈರುಳ್ಳಿಯಲ್ಲಿ ಫ್ರಕ್ಟಾನ್ ಎಂಬ ಮತ್ತೊಂದು ಬಗೆಯ, ದೊಡ್ಡ ಕರುಳಿನಲ್ಲೇ ಹುದುಗುವ ವಸ್ತು ಇದೆ. ವಾಯುವಿಗೆ ಮದ್ದು ಎಂದು ಬೆಳ್ಳುಳ್ಳಿ ಗೆಡ್ಡೆಯನ್ನೇ ಅರೆದು ಹಾಕುವವರು ಇದನ್ನು ಗಮನಿಸಬೇಕು. ಇಂಗು, ಜೀರಿಗೆ, ಶುಂಠಿ, ಓಮ ಹೊಟ್ಟೆ ಹಗುರವಾದಂತೆ ಅನ್ನಿಸಬಹುದು, ನಾನೂ ಹಾಕಿಸಿಕೊಳ್ಳುತ್ತೇನೆ. ಆದರೆ ಅವು ಬೋಗಿಯ ಕೊಂಡಿ ಬಿಡಿಸುವುದಿಲ್ಲ.

ನೆನೆಸುವುದರಲ್ಲಿ ಎರಡು ದಾರಿ

ಹಾಗಾದರೆ ನೆನೆಸಿ ನೀರು ಚೆಲ್ಲಿದರೆ ಸಾಕೇ? ಇಲ್ಲಿ ನನಗೂ ಗೊತ್ತಿಲ್ಲದಿದ್ದ ಒಂದು ಸೂಕ್ಷ್ಮವಿದೆ.

ಒಂದು ಲೆಕ್ಕ ಹಾಕೋಣ. ಅಲಸಂದೆ 250 ಗ್ರಾಂ ತೆಗೆದುಕೊಳ್ಳಿ. ಬೋಗಿ ಸಕ್ಕರೆ 100 ಗ್ರಾಂಗೆ ನಾಲ್ಕು ಗ್ರಾಂ ಎಂದು ಹಿಡಿದರೆ ಒಟ್ಟು 10 ಗ್ರಾಂ. ಕಾಳು ತನ್ನ ತೂಕದಷ್ಟೇ, ಅಂದರೆ ಸುಮಾರು 250 ಮಿಲಿ ಲೀಟರ್ ನೀರು ಕುಡಿದು ಉಬ್ಬುತ್ತದೆ. ನೀವು ಅರ್ಧ ಲೀಟರ್ ನೀರಿನಲ್ಲಿ ನೆನೆಸಿದರೆ ಅರ್ಧ ನೀರು ಕಾಳಿನೊಳಗೆ, ಅರ್ಧ ಹೊರಗೆ. ಸಕ್ಕರೆ ಒಳಗೂ ಹೊರಗೂ ಸಮವಾಗಿ ಹರಡಿದರೂ ಚೆಲ್ಲಿದ ನೀರಿನಲ್ಲಿ ಹೋಗುವುದು ಐದು ಗ್ರಾಂ ಮಾತ್ರ. ಒಂದೂಕಾಲು ಲೀಟರ್ ನೀರಿನಲ್ಲಿ ನೆನೆಸಿದರೆ ಐದು ಪಾಲಿನಲ್ಲಿ ನಾಲ್ಕು ಪಾಲು ನೀರು ಹೊರಗಿರುತ್ತದೆ, ಆಗ ಎಂಟು ಗ್ರಾಂ ಹೋಗಬಹುದು. ಇದಕ್ಕಿಂತ ಹೆಚ್ಚು ಒಂದೇ ಸಲಕ್ಕೆ ಹೋಗಲು ಸಾಧ್ಯವಿಲ್ಲ. ಕಾಳು ಮುಳುಗುವಷ್ಟು ಮಾತ್ರ ನೀರು ಹಾಕಿ ನೆನೆಸುವುದು ಏಕೆ ಸಾಲದು ಎಂಬುದು ಇದರಿಂದ ಗೊತ್ತಾಗುತ್ತದೆ.

ಆದರೆ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದರೂ ಈ ಎಂಟು ಗ್ರಾಂ ಹೋಗುವುದಿಲ್ಲ, ಅದರ ಹತ್ತಿರವೂ ಬರುವುದಿಲ್ಲ. ಕಾರಣ, ನೆನೆದ ಕಾಳು ಜೀವಂತ ಬೀಜ. ಅದರ ಪ್ರತಿ ಕೋಶದ ಸುತ್ತ ಒಂದು ಪೊರೆ ಇದೆ. ಆ ಪೊರೆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ತನ್ನ ಸಕ್ಕರೆಯನ್ನು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ಮೊಳಕೆಗೆ ಬೇಕಾದ ಬುತ್ತಿ ಅದು, ಹೇಗೆ ಬಿಟ್ಟೀತು? ತಣ್ಣೀರು ನೆನೆಸುವಿಕೆಯಿಂದ ಸ್ವಲ್ಪ ಮಾತ್ರ ಕಡಿಮೆಯಾಗುತ್ತದೆ, ಎಷ್ಟು ಎಂಬುದು ಕಾಳಿನ ಮೇಲೆ, ನೀರಿನ ಮೇಲೆ, ಹೊತ್ತಿನ ಮೇಲೆ. "ನಾವು ನೆನೆಸಿಯೇ ಮಾಡುತ್ತೇವೆ, ಆದರೂ ವಾಯು" ಎಂದು ಹೇಳುವವರಿಗೆ ಉತ್ತರ ಇದು.

ಆ ಪೊರೆ ಮುರಿಯುವುದು ಬಿಸಿಗೆ. ಆದ್ದರಿಂದ ಮೊದಲನೆಯ ದಾರಿ ಬಿಸಿನೀರಿನದು. 250 ಗ್ರಾಂ ಕಾಳನ್ನು ತೊಳೆದು, ಒಂದೂಕಾಲು ಲೀಟರ್ ನೀರು ಕುದಿಯುವಾಗ ಹಾಕಿ, ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿ, ಒಲೆ ಆರಿಸಿ ಮುಚ್ಚಿಡಿ. ಕನಿಷ್ಠ ಒಂದು ಗಂಟೆ, ಬಿಡುವಿದ್ದರೆ ಎರಡು ಮೂರು ಗಂಟೆ ಬಿಡಿ. ಆಮೇಲೆ ಆ ನೀರನ್ನು ಪೂರ್ತಿ ಚೆಲ್ಲಿ, ಕಾಳನ್ನು ಒಮ್ಮೆ ತೊಳೆದು, ಹೊಸ ನೀರಿನಲ್ಲಿ ಕುಕ್ಕರಿಗೆ ಹಾಕಿ. ಚೆಲ್ಲುವ ನೀರು ಮಸುಕಾಗಿ, ತುಸು ಸಿಹಿ ವಾಸನೆಯಿಂದ, ಮೇಲೆ ನೊರೆ ಕಟ್ಟಿರುತ್ತದೆ. ಪಕ್ಕದಲ್ಲಿ ಒಂದು ಲೋಟ ತಣ್ಣೀರಿನಲ್ಲಿ ಸ್ವಲ್ಪ ಕಾಳು ನೆನೆಸಿಟ್ಟು ಗಂಟೆಯ ನಂತರ ಎರಡೂ ನೀರನ್ನು ಹೋಲಿಸಿ, ಬಣ್ಣದಲ್ಲೇ ವ್ಯತ್ಯಾಸ ಕಾಣುತ್ತದೆ. ಬಣ್ಣವೇ ಸಕ್ಕರೆಯಲ್ಲ, ಆದರೆ ಪೊರೆ ಒಡೆದಿದೆ ಎಂಬುದಕ್ಕೆ ಅದು ಗುರುತು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ನೀರಿನ ಜೊತೆ ಕೆಲವು ಬಿ ಜೀವಸತ್ವಗಳು, ಪೊಟ್ಯಾಸಿಯಂ, ರುಚಿಯ ಒಂದಂಶ ಹೋಗುತ್ತವೆ. ಪ್ರೋಟೀನ್ ಮಾತ್ರ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ, ನಮ್ಮ ಅಕ್ಕನವರಿಗೆ ಬೇಕಾದದ್ದು ಅದೇ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ನಮ್ಮ ಗಡಸು ಬೋರ್‌ವೆಲ್ ನೀರಿನಲ್ಲಿಯೂ ಕಾಳು ಬೇಗ ಮೆತ್ತಗಾಗುತ್ತದೆ. ಆದರೆ ಸೋಡಾ ಬಿ ಒಂದು ಜೀವಸತ್ವವನ್ನು ಹಾಳುಮಾಡುತ್ತದೆ, ಸೋಡಿಯಂ ಹೆಚ್ಚಿಸುತ್ತದೆ. ಬಿಪಿ ಇರುವವರಿಗೆ ನಾನಂತೂ ಹೇಳುವುದಿಲ್ಲ.

ಎರಡನೆಯ ದಾರಿ ಇದಕ್ಕೆ ತದ್ವಿರುದ್ಧ, ಬೀಜವನ್ನು ಕೊಲ್ಲದೆ ಎಬ್ಬಿಸುವುದು. ಮೊಳಕೆ ಬರುವಾಗ ಬೀಜ ತನ್ನ ಬುತ್ತಿಯನ್ನು ತಾನೇ ಬಿಚ್ಚುತ್ತದೆ. ನಮ್ಮ ಕರುಳಿನಲ್ಲಿ ಇಲ್ಲದ ಆ ಕಿಣ್ವ ಬೀಜದಲ್ಲಿ ಇದೆ, ಅದು ಬೋಗಿಗಳನ್ನು ಕಳಚಿ ತಿಂದುಬಿಡುತ್ತದೆ. ತಣ್ಣೀರಿನಲ್ಲಿ ಎಂಟು ಹತ್ತು ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ ಇಟ್ಟರೆ ಒಂದೆರಡು ದಿನದಲ್ಲಿ ಬೋಗಿ ಸಕ್ಕರೆಯ ದೊಡ್ಡ ಪಾಲು ಕರಗಿಹೋಗುತ್ತದೆ. ಇಲ್ಲಿ ನೀರು ಚೆಲ್ಲುವ ಪ್ರಶ್ನೆ ಹೆಚ್ಚಿಲ್ಲ, ಏಕೆಂದರೆ ಇದು ವರ್ಗಾವಣೆಯಲ್ಲ, ನಿಜವಾದ ನಾಶ. ಸೊಲ್ಲಾಪುರ, ಅಕ್ಕಲಕೋಟೆಯ ಬಂಧುಗಳ ಮನೆಯಲ್ಲಿ ಮಡಕೆ ಕಾಳಿನ ಮೊಳಕೆ ಉಸುಳಿ ತಿಂದವರಿಗೆ ಅದು ಏಕೆ ಹಗುರ ಎಂಬುದು ಈಗ ತಿಳಿಯುತ್ತದೆ. ಮೊಳಕೆ ಕಣ್ಣು ಬಿಟ್ಟ ಕೂಡಲೇ ಸಾಕೆಂದು ಬೇಯಿಸಬೇಡಿ, ಅರ್ಧ ಅಂಗುಲ ಉದ್ದ ಬರಲಿ. ಹಿರಿಯರು ಮೊಳಕೆಯನ್ನು ಹಸಿಯಾಗಿ ತಿನ್ನದೆ ಬೇಯಿಸಿಯೇ ತಿನ್ನಬೇಕು, ಆ ಬೆಚ್ಚಗಿನ ತೇವದಲ್ಲಿ ಬೇಡದ ಸೂಕ್ಷ್ಮಜೀವಿಗಳೂ ಬೆಳೆಯುತ್ತವೆ. ಲೋಳೆಯಾಗಿ ಹುಳಿ ವಾಸನೆ ಬಂದರೆ ಎಸೆಯಿರಿ.

ಎರಡೂ ದಾರಿಯನ್ನು ಒಟ್ಟಿಗೆ ಹಿಡಿಯಲಾಗದು ಎಂಬುದು ನೆನಪಿರಲಿ. ಬಿಸಿನೀರಿನಲ್ಲಿ ನೆನೆಸಿದ ಕಾಳು ಮೊಳೆಯುವುದಿಲ್ಲ. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಹಳೆಯ ಕಾಳೂ ಅಷ್ಟೇ. ಅದನ್ನು ಮೊಳಕೆಗೆ ಕಟ್ಟಿ ಎರಡು ದಿನ ಕಾದು ನಾನು ಮನೆಯಲ್ಲಿ ಬೈಸಿಕೊಂಡಿದ್ದೇನೆ.

ಅವರೆಕಾಯಿ ಕಾಲಕ್ಕೆ ಕಾಯುವವರಿಗೆ ಒಂದು ಒಳ್ಳೆಯ ಸುದ್ದಿ. ಈ ಸಕ್ಕರೆ ಬೀಜದಲ್ಲಿ ಹೆಚ್ಚಾಗಿ ತುಂಬುವುದು ಬಲಿತು ಒಣಗುವ ಕೊನೆಯ ಹಂತದಲ್ಲಿ. ಮಾಗಿಯಲ್ಲಿ ನಮ್ಮ ಸಂತೆಗೆ ಬರುವ ಸೊಗಡಿನ ಹಸಿ ಅವರೆಯಲ್ಲಿ ಅದು ಒಣ ಅವರೆಗಿಂತ ಕಡಿಮೆ. ಹಿತಕಿದ ಬೇಳೆಯಾದರೆ ಸಿಪ್ಪೆಯ ನಾರೂ ಹೋಗಿರುತ್ತದೆ, ನೆನೆಸಿ ತೊಳೆದ ನೀರಿನಲ್ಲಿ ಒಂದಿಷ್ಟು ಸಕ್ಕರೆಯೂ ಹೋಗಿರುತ್ತದೆ. ಆದರೆ ಸಿಪ್ಪೆ ತೆಗೆದರೆ ಎಲ್ಲಾ ಮುಗಿಯಿತು ಎಂದಲ್ಲ, ಬೋಗಿ ಸಕ್ಕರೆ ಇರುವುದು ಬೇಳೆಯಲ್ಲೇ. ಹಸಿ ಅವರೆ ತಿಂದೂ ಹೊಟ್ಟೆ ಉಬ್ಬಿತು ಎನ್ನುವವರು ತಿಂದ ಬಟ್ಟಲುಗಳ ಸಂಖ್ಯೆಯನ್ನೂ ಹೇಳಬೇಕು.

ಎಷ್ಟೇ ಮಾಡಿದರೂ ಸ್ವಲ್ಪ ಉಳಿಯುತ್ತದೆ

ಬೋಗಿ ಸಕ್ಕರೆ ಪೂರ್ತಿ ತೆಗೆದರೂ ವಾಯು ಸೊನ್ನೆಯಾಗುವುದಿಲ್ಲ. ಕಾಳಿನ ನಾರು, ಜೀರ್ಣವಾಗದೆ ಉಳಿಯುವ ಒಂದು ಬಗೆಯ ಪಿಷ್ಟ, ಇವೂ ದೊಡ್ಡ ಕರುಳಿನಲ್ಲಿ ಹುದುಗುತ್ತವೆ. ಬೆಂದ ಕಾಳು ಆರಿ ತಣ್ಣಗಾದಾಗ ಈ ಗಟ್ಟಿ ಪಿಷ್ಟ ಇನ್ನಷ್ಟು ಹೆಚ್ಚುತ್ತದೆ, ಫ್ರಿಜ್ಜಿನಲ್ಲಿಟ್ಟ ನಿನ್ನೆಯ ಉಸುಳಿ ಇಂದಿನದಕ್ಕಿಂತ ಸ್ವಲ್ಪ ಹೆಚ್ಚು ಕಾಡುವುದಕ್ಕೆ ಇದೂ ಕಾರಣವಾಗಬಹುದು. ಹಾಗೆಂದು ಈ ಹುದುಗು ಬರೀ ಉಪದ್ರವವಲ್ಲ. ಅದರಿಂದಲೇ ಹುಟ್ಟುವ ಕೆಲವು ಆಮ್ಲಗಳು ದೊಡ್ಡ ಕರುಳಿನ ಗೋಡೆಗೆ ಆಹಾರ. ಆರೋಗ್ಯವಂತರೇ ದಿನಕ್ಕೆ ಹತ್ತರಿಂದ ಇಪ್ಪತ್ತು ಸಲ ವಾಯು ಬಿಡುವುದು ಸಹಜ ಎನ್ನುತ್ತಾರೆ ವೈದ್ಯರು.

ಇನ್ನೊಂದು ವಿಷಯ, ಅಭ್ಯಾಸ. ಅಮೆರಿಕದಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಜನರಿಗೆ ದಿನಕ್ಕೆ ಅರ್ಧ ಕಪ್ ಬೆಂದ ಕಾಳನ್ನು ವಾರಗಟ್ಟಲೆ ಕೊಟ್ಟು ಕೇಳಿದರು. ರಾಜ್ಮಾ ಜಾತಿಯ ಕಾಳು ತಿಂದವರಲ್ಲಿ ಮೊದಲ ವಾರ ವಾಯು ಹೆಚ್ಚಾಯಿತು ಎಂದವರು ಅರ್ಧಕ್ಕಿಂತ ಕಡಿಮೆ. ನಮ್ಮ ಅಲಸಂದೆ ತಿಂದವರಲ್ಲಿ 100ಕ್ಕೆ 19 ಜನ ಮಾತ್ರ. ವಾರಗಳು ಕಳೆದಂತೆ ಆ ದೂರೂ ಇಳಿಯುತ್ತಾ ಹೋಯಿತು. ಕಾಳೇ ಇಲ್ಲದ ಊಟ ಮಾಡಿದವರಲ್ಲಿಯೂ ಕೆಲವರು ವಾಯು ಹೆಚ್ಚಾಯಿತು ಎಂದರಂತೆ! ಆರು ತಿಂಗಳಿಗೊಮ್ಮೆ ಮದುವೆ ಮನೆಯಲ್ಲಿ ಎರಡು ಬಟ್ಟಲು ಕಾಳುಹುಳಿ ತಿಂದು ತೀರ್ಮಾನಕ್ಕೆ ಬರುವುದಕ್ಕೂ, ದಿನಾ ಎರಡು ಚಮಚದಿಂದ ಶುರುಮಾಡಿ ಮೂರ್ನಾಲ್ಕು ವಾರದಲ್ಲಿ ಅರ್ಧ ಬಟ್ಟಲಿಗೆ ಏರುವುದಕ್ಕೂ ಬಹಳ ವ್ಯತ್ಯಾಸ ಇದೆ. ಊಟದ ಮೊದಲ ತುತ್ತಿನೊಡನೆ ತೆಗೆದುಕೊಳ್ಳುವ ಆ ಕಿಣ್ವದ ಮಾತ್ರೆಯೂ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು, ಏಕೆಂದರೆ ಕಳಚಿದ ಬೋಗಿಗಳು ರಕ್ತಕ್ಕೆ ಸಕ್ಕರೆಯಾಗಿಯೇ ಸೇರುತ್ತವೆ.

ಎರಡು ಸಂದರ್ಭದಲ್ಲಿ ವಾಯು ಎಂದು ಸುಮ್ಮನಿರಬಾರದು. ಒಂದು, ಕೆಂಪು ರಾಜ್ಮಾ ಅರೆಬೆಂದಾಗ. ಅದರಲ್ಲಿರುವ ಒಂದು ವಿಷಕಾರಿ ಪ್ರೋಟೀನ್ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಆಮೇಲೆ ಭೇದಿ ತರುತ್ತದೆ. ಇದು ಬೋಗಿ ಸಕ್ಕರೆಯಲ್ಲ, ಕುದಿತಕ್ಕೆ ನಾಶವಾಗುತ್ತದೆ. ರಾಜ್ಮಾವನ್ನು ಕನಿಷ್ಠ ಐದು ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಜೋರಾಗಿ ಕುದಿಸಬೇಕು ಅಥವಾ ಕುಕ್ಕರಿನಲ್ಲಿ ಪೂರ್ತಿ ಬೇಯಿಸಬೇಕು. ಕುದಿ ಬಾರದ ಸಣ್ಣ ಕಾವಿನಲ್ಲಿ ಇಡುವುದು ಅಪಾಯ. ಇನ್ನೊಂದು, ಎದೆಯ ನಡುವೆ ಹಿಂಡಿದಂತೆ ಆಗಿ, ಬೆವರು ಬಂದು, ದವಡೆಗೋ ತೋಳಿಗೋ ನೋವು ಹರಿದರೆ ಅದಕ್ಕೆ ಗ್ಯಾಸ್ ಎಂದು ಹೆಸರಿಟ್ಟು ಸೋಡಾ ಕುಡಿಯುತ್ತಾ ಕೂರಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಹೊಟ್ಟೆನೋವು, ಇವೂ ಕಾಳಿನ ಲೆಕ್ಕಕ್ಕೆ ಸೇರುವುದಿಲ್ಲ.

ಸಮಿತಿ ಮುಂದೆ ಇಟ್ಟದ್ದು

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮೊನ್ನೆಯ ಸಭೆಗೆ ಕೊಟ್ಟೆ. ಅದಕ್ಕೂ ಮೊದಲು ಆ ಅಕ್ಕನವರ ಮನೆಯಲ್ಲಿ ನನ್ನ ಮನೆಯವರು ಒಂದು ಪ್ರಯೋಗ ಮಾಡಿಸಿದ್ದರು. ಅಲಸಂದೆಯನ್ನು ಮೇಲೆ ಹೇಳಿದಂತೆ ಬಿಸಿನೀರಿನಲ್ಲಿ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ, ಮೊದಲ ವಾರ ದಿನಕ್ಕೆ ಎರಡು ಚಮಚ, ಮಧ್ಯಾಹ್ನದ ಊಟಕ್ಕೆ ಮಾತ್ರ. ಎರಡನೆಯ ವಾರ ನಾಲ್ಕು ಚಮಚ. ಮಧ್ಯೆ ಒಂದು ದಿನ ಅವರ ಸೊಸೆ ಗೊತ್ತಿಲ್ಲದೆ ನೆನೆಸಿದ ನೀರಿನಲ್ಲೇ ಬೇಯಿಸಿದ್ದರು, ಅಂದು ರಾತ್ರಿ ಹೊಟ್ಟೆ ಗುಡುಗಿತಂತೆ. "ಮಿಕ್ಕ ದಿನ ಅಷ್ಟೇನಿಲ್ಲ ತಮ್ಮಾ, ತಡೆಯಬಹುದು" ಎಂದರು. ಈಗ ಮೂರನೆಯ ವಾರ ನಡೆಯುತ್ತಿದೆ.

ಸಭೆಯಲ್ಲಿ ತೀರ್ಮಾನವಾದದ್ದು: ಕಾಳು ಇರಲಿ. ಅಡುಗೆಯವರು ನಾಲ್ಕು ಕಿಲೋ ಕಾಳಿಗೆ ಇಪ್ಪತ್ತು ಲೀಟರ್ ನೀರು ಕಾಯಿಸಲು ಗ್ಯಾಸ್ ಸಿಲಿಂಡರ್ ಯಾರು ಕೊಡುತ್ತಾರೆ ಎಂದು ಕೇಳಿದರು, ನ್ಯಾಯವಾದ ಪ್ರಶ್ನೆ. ಆದ್ದರಿಂದ ಒಂದು ತಿಂಗಳು ಬಿಸಿನೀರಿನ ಕಾಳಿನ ಪಲ್ಯ, ಮರುತಿಂಗಳು ಸದಸ್ಯರ ಮನೆಗಳಲ್ಲೇ ಕಟ್ಟಿ ತಂದ ಮೊಳಕೆ ಹೆಸರುಕಾಳಿನ ಉಸುಳಿ ಎಂದು ಒಪ್ಪಂದವಾಗಿದೆ. ಬಸ್ಸಾರನ್ನು ಬಿಡಲು ಖಜಾಂಚಿಗಳೇ ಒಪ್ಪಲಿಲ್ಲ. ಕಾಳನ್ನು ಮೊದಲು ಬಿಸಿನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಿ, ಎರಡನೆಯ ನೀರಿನ ಕಟ್ಟಿನಿಂದ ಸಾರು ಮಾಡುವುದು, ಬಡಿಸುವಾಗ ಒಬ್ಬರಿಗೆ ಒಂದೇ ಸೌಟು ಎಂದು ನಡಾವಳಿಯಲ್ಲಿ ಬರೆಸಿದ್ದೇನೆ.

ಮುಂದಿನ ಊಟ ಬರುವ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ. ಸರದಿ ಮೊಳಕೆಯದು. ಹೆಸರುಕಾಳು ಕಟ್ಟಿ ತರುವವರು ಶುಕ್ರವಾರ ಬೆಳಿಗ್ಗೆಯೇ ನೆನೆಹಾಕಿ, ಸಂಜೆ ಬಟ್ಟೆಯಲ್ಲಿ ಕಟ್ಟಿಡಿ. ಯಾರು ಎಷ್ಟು ತರುತ್ತೀರಿ ಎಂಬುದನ್ನು ಗುರುವಾರದೊಳಗೆ ನನಗೆ ತಿಳಿಸಿ.